ಮಾರಿದ್ದು ಗೊತ್ತು, ಕೇಳಿದ್ದು ಗೊತ್ತಿಲ್ಲ: ಖಾಲಿ ಸ್ಟಾಕಿನ ಹಿಂದಿನ ಲೆಕ್ಕ

ಆರ್ಡರ್ ಡೇಟಾದಲ್ಲಿ ಒಂದು ಸೊನ್ನೆಗೆ ಎರಡು ಅರ್ಥ ಇರುತ್ತದೆ. ಆ ದಿನ ಯಾರೂ ಕೇಳಲಿಲ್ಲ ಎನ್ನುವುದು ಒಂದು. ಕೇಳಿದವರಿಗೆ ಕೊಡಲು ಮಾಲೇ ಇರಲಿಲ್ಲ ಎನ್ನುವುದು ಇನ್ನೊಂದು. ರಿಪೋರ್ಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯ ಸೊನ್ನೆಯನ್ನು ಮೊದಲನೆಯದೆಂದು ಓದಿದರೆ ಸರಾಸರಿ ಇಳಿಯುತ್ತದೆ. ಸರಾಸರಿ ಇಳಿದರೆ ಮುಂದಿನ ಖರೀದಿ ಕಡಿಮೆಯಾಗುತ್ತದೆ. ಖರೀದಿ ಕಡಿಮೆಯಾದರೆ ಮಾಲು ಇನ್ನೂ ಬೇಗ ಖಾಲಿ.

ಹಿಂದೆ ಈ ಗೊಂದಲ ಇಷ್ಟಿರಲಿಲ್ಲ. ಗಿರಾಕಿ ಕೌಂಟರಿನ ಮುಂದೆ ನಿಂತು ಬಾಯಿಬಿಟ್ಟು ಕೇಳಬೇಕಿತ್ತು. 'ಇಲ್ಲ' ಎಂದು ಹೇಳುವ ಕೆಲಸ ಅಂಗಡಿಯವರದ್ದೇ ಆಗಿತ್ತು. ಕೆಲವು ಅಂಗಡಿಗಳಲ್ಲಿ ಹಾಗೆ ಕೇಳಿ ಸಿಗದೇ ಹೋದದ್ದನ್ನು ಬರೆದಿಡಲು ಬೇರೆ ಪುಸ್ತಕವೇ ಇರುತ್ತಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ಅಂಗಡಿ ತೆರೆದರು. ಅಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಓಡಾಡಿ ಬೇಕಾದದ್ದನ್ನು ತೆಗೆದುಕೊಳ್ಳುತ್ತಿದ್ದರು. ಕೊಳ್ಳುವುದು ಸಲೀಸಾಯಿತು. ಆದರೆ ಕಪಾಟು ಖಾಲಿ ಇದ್ದರೆ ಗಿರಾಕಿ ಸುಮ್ನೆ ಮುಂದೆ ಹೋಗುತ್ತಿದ್ದರು. ಆ 'ಇಲ್ಲ' ಯಾರ ಕಿವಿಗೂ ಬೀಳುತ್ತಿರಲಿಲ್ಲ.

1974ರ ಜೂನ್ 26ರಂದು ಒಹಾಯೋದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಅಲ್ಲಿಂದ ಮಾರಾಟದ ಲೆಕ್ಕ ಒಂದೊಂದು ಪೊಟ್ಟಣದ ಮಟ್ಟಕ್ಕೆ ಇಳಿಯಿತು. ಆದರೆ ಯಂತ್ರಕ್ಕೆ ಕಾಣುವುದು ತನ್ನ ಮುಂದೆ ಹಾದುಹೋದದ್ದು ಮಾತ್ರ. ಡೇಟಾ ಹೆಚ್ಚಿದಷ್ಟೂ ಮಾರಾಟವನ್ನೇ ಬೇಡಿಕೆ ಎಂದು ನಂಬುವುದು ಸುಲಭವಾಯಿತು, ಅದೇ ತಮಾಷೆ.

ಈ ಗಂಟು ಬಿಡಿಸುವ ಉಪಾಯ ಹುಟ್ಟಿದ್ದು ಅಂಗಡಿಯಲ್ಲಲ್ಲ. ಚಿಕಿತ್ಸೆಯ ಅಧ್ಯಯನಗಳಲ್ಲಿ ಕೆಲವು ರೋಗಿಗಳು ಮಧ್ಯದಲ್ಲೇ ಸಂಪರ್ಕ ತಪ್ಪಿಹೋಗುತ್ತಾರೆ. ಅವರು ಎಷ್ಟು ಕಾಲ ಬದುಕಿದರು ಎಂಬುದು ಗೊತ್ತಿರುವುದಿಲ್ಲ, 'ಕನಿಷ್ಠ ಇಷ್ಟು' ಎಂದಷ್ಟೇ ಗೊತ್ತು. ಇಂಥ ಅರ್ಧ ಮಾಹಿತಿಯನ್ನು ಎಸೆಯದೆ ಬಳಸುವ ದಾರಿಯೊಂದನ್ನು 1958ರಲ್ಲಿ ಕಪ್ಲಾನ್ ಮತ್ತು ಮಯರ್ ಕೊಟ್ಟರು. ಮಾಲು ಖಾಲಿಯಾದ ದಿನವೂ ಹಾಗೇ ಅಲ್ವಾ? ಆರು ಮಾರಿ ಖಾಲಿಯಾಯಿತು ಎಂದರೆ ಬೇಡಿಕೆ ಕನಿಷ್ಠ ಆರು. 1976ರಲ್ಲಿ ಎಸ್.ಎ. ಕಾನ್ರಾಡ್ ಇದೇ ದೃಷ್ಟಿಯನ್ನು ಮಾರಾಟದ ಅಂಕಿಗಳಿಗೆ ತಂದರು. ಸ್ಟಾಕ್ ತಡೆದ ಮಾರಾಟದಿಂದ ನಿಜವಾದ ಬೇಡಿಕೆಯನ್ನು ಹೇಗೆ ಅಂದಾಜಿಸಬಹುದು ಎಂದು ತೋರಿಸಿದರು.

ಒಂದು ಲೆಕ್ಕ ಮಾಡಿಯೇ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಕಟ್ಟಿದವು.

ಆನ್‌ಲೈನಿನಲ್ಲಿ ಮಾರುವ ಒಂದು ಐಟಂ. 30 ದಿನಗಳಲ್ಲಿ ಮಾಲು ಇದ್ದಾಗ ಬಂದ ಆರ್ಡರ್ 232. 20 ದಿನ ಪೂರ್ತಿ ಸ್ಟಾಕ್ ಇತ್ತು, ಆಗ 200 ಬಂದವು. 4 ದಿನ ಮಧ್ಯದಲ್ಲೇ ಖಾಲಿಯಾಯಿತು, ಅಷ್ಟರೊಳಗೆ 32 ಬಂದಿದ್ದವು. ಉಳಿದ 6 ದಿನ ಏನೂ ಇರಲಿಲ್ಲ. 232ನ್ನು 30ರಿಂದ ಭಾಗಿಸಿದರೆ ದಿನಕ್ಕೆ 7.7. ರಿಪೋರ್ಟ್ ತೋರಿಸುವುದು ಇದನ್ನೇ.

'ಪೂರ್ತಿ ಸ್ಟಾಕ್ ಇದ್ದ 20 ದಿನಗಳನ್ನು ಮಾತ್ರ ತಗೊಳ್ಳೋಣ' ಎಂದರೆ ದಿನಕ್ಕೆ 10. ಇದು ವಾಸಿ, ಆದರೆ ಇದರಲ್ಲೂ ಒಂದು ಮೋಸ ಇದೆ. ಮಧ್ಯದಲ್ಲಿ ಖಾಲಿಯಾಗುವುದು ಹೆಚ್ಚಾಗಿ ಗಿರಾಕಿಗಳು ಜಾಸ್ತಿ ಬಂದ ದಿನಗಳೇ. ಅವನ್ನು ಬಿಟ್ಟರೆ ಜೋರಾಗಿ ನಡೆದ ದಿನಗಳನ್ನೇ ಆರಿಸಿ ಎಸೆದಂತಾಗುತ್ತದೆ.

ಆದ್ದರಿಂದ ದಿನಗಳ ಬದಲು ಸ್ಟಾಕ್ ಇದ್ದ ಹೊತ್ತನ್ನು ಎಣಿಸಬೇಕು. ಆ 4 ದಿನ ಖಾಲಿಯಾದ ಗಂಟೆ ನೋಡಿ. ಮಾಮೂಲಿ ದಿನದಲ್ಲಿ ಅಷ್ಟು ಹೊತ್ತಿಗೆ ದಿನದ ಆರ್ಡರಿನ 60 ಶೇಕಡಾ ಬಂದಿರುತ್ತದೆ ಎಂದುಕೊಳ್ಳೋಣ. ಗಡಿಯಾರದ ಗಂಟೆಗಳನ್ನು ಹಾಗೇ ತೆಗೆದುಕೊಳ್ಳಬಾರದು, ರಾತ್ರಿ ಮೂರು ಗಂಟೆಗೂ ಸಂಜೆ ಏಳಕ್ಕೂ ಒಂದೇ ತೂಕ ಅಲ್ಲ. ಈಗ ಆ 4 ದಿನ 2.4 ದಿನಕ್ಕೆ ಸಮ. ಒಟ್ಟು 22.4 ದಿನ. 232ನ್ನು 22.4ರಿಂದ ಭಾಗಿಸಿದರೆ ದಿನಕ್ಕೆ 10.36. ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆ, ಅಂದರೆ ಪಾಸೋನ್ ರೀತಿ ಬರುತ್ತಾರೆ ಎಂದಾದರೆ ಈ ಸರಳ ಭಾಗಾಕಾರವೇ ಸರಿಯಾದ ಅಂದಾಜು. ಮಾಲು ಇಲ್ಲದ ಹೊತ್ತು 7.6 ದಿನ. ಆಗ ಸುಮಾರು 79 ಜನ ಕೇಳಿರಬೇಕು.

ಆದರೆ 79 ನಷ್ಟವಲ್ಲ. ಅದು ನಮ್ಮ 'ಇಲ್ಲ'ಕ್ಕೆ ಸಿಕ್ಕಿದವರ ಸಂಖ್ಯೆ. ಅವರೆಲ್ಲ ಎಲ್ಲಿ ಹೋದರು? 2002ರಲ್ಲಿ ಗ್ರೂಯೆನ್, ಕಾರ್ಸ್ಟನ್ ಮತ್ತು ಭಾರದ್ವಾಜ್ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ್ದರು. 31 ಶೇಕಡಾ ಜನ ಬೇರೆ ಅಂಗಡಿಗೆ ಹೋಗುತ್ತಾರೆ, 45 ಶೇಕಡಾ ಬದಲಿ ವಸ್ತು ಕೊಳ್ಳುತ್ತಾರೆ, 15 ಶೇಕಡಾ ಕಾಯುತ್ತಾರೆ, 9 ಶೇಕಡಾ ಕೊಳ್ಳುವುದನ್ನೇ ಬಿಡುತ್ತಾರೆ. ಈ ಪ್ರಮಾಣಗಳನ್ನು ಎತ್ತಿ ನಮ್ಮ ಡೇಟಾಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಆರ್ಡರ್‌ಗಳಲ್ಲೇ ಗುರುತುಗಳು ಇರುತ್ತವೆ.

79ರಲ್ಲಿ 30 ಜನ 'ಮಾಲು ಬಂದಾಗ ಕಳಿಸಿ' ಎಂದು ಬ್ಯಾಕ್‌ಆರ್ಡರ್ ಹಾಕಿ ಕಾದರು. 22 ಜನರಿಗೆ ಮಾಲು ತಲುಪಿತು, 8 ಜನ ಕಾದು ಬೇಸತ್ತು ಕ್ಯಾನ್ಸಲ್ ಮಾಡಿದರು. 22 ಕಳೆದರೆ 57. ಇದೇ ಐಟಮಿನ ಇನ್ನೊಂದು ಬಣ್ಣ ದಿನಕ್ಕೆ 6 ಹೋಗುತ್ತದೆ, ಆ 7.6 ದಿನಕ್ಕೆ ಸುಮಾರು 46 ಹೋಗಬೇಕಿತ್ತು, ಹೋದದ್ದು 60. ಆ ಹೆಚ್ಚಿನ 14 ನಮ್ಮವರೇ. ಉಳಿದದ್ದು 43. ಮಾಲು ಬಂದ ಮೇಲೆ ಮೊದಲ ಐದು ದಿನ 52ರ ಬದಲು 58 ಹೋಯಿತು. ಕಾದು ಕೊಂಡವರು 6 ಎಂದುಕೊಂಡರೆ 37 ಉಳಿಯಿತು. ಕೊನೆಯ ಎರಡು ಕಳೆತ ಗಟ್ಟಿಯಲ್ಲ. ಐದು ದಿನದಲ್ಲಿ ಆರರ ಏರಿಳಿತ ಸುಮ್ಮನೆಯೂ ಆಗುತ್ತದೆ. ಹಾಗಾಗಿ 37 ಎಂದು ಬರೆಯುವುದಕ್ಕಿಂತ '35ರಿಂದ 55ರ ನಡುವೆ' ಎಂದು ಬರೆಯುವುದೇ ಪ್ರಾಮಾಣಿಕ.

ಜನ ಎಡವುವುದು ಕ್ಯಾನ್ಸಲ್‌ಗಳ ವಿಷಯದಲ್ಲಿ. ಆ 8 ಕ್ಯಾನ್ಸಲ್‌ಗಳು ಈಗಾಗಲೇ 57ರ ಒಳಗಿವೆ. ಅವನ್ನು ಮತ್ತೆ ಕೂಡಿದರೆ ಒಬ್ಬರನ್ನೇ ಎರಡು ಸಲ ಕಳೆದುಕೊಂಡಂತೆ. ಆದರೆ ಇನ್ನೊಂದು ಥರದ ಕ್ಯಾನ್ಸಲ್ ಇದೆ. ಸ್ಕ್ರೀನಿನಲ್ಲಿ 'ಸ್ಟಾಕ್ ಇದೆ', ಆರ್ಡರ್ ತೆಗೆದುಕೊಂಡಾಯಿತು, ಗೋಡೌನಿನಲ್ಲಿ ಹುಡುಕಿದರೆ ಇಲ್ಲ. ಇವು 232ರಲ್ಲಿ ಸೇರಿವೆ, 79ರಲ್ಲಿ ಇಲ್ಲ. ಇಂಥವು 9 ಇದ್ದು, ಮೂವರು ಬೇರೆ ಬಣ್ಣ ತೆಗೆದುಕೊಂಡರೆ, ನಷ್ಟಕ್ಕೆ ಇನ್ನೂ 6 ಸೇರುತ್ತದೆ. ಆ ಮೂರನ್ನು ಮೇಲಿನ 14ರಲ್ಲಿ ಎಣಿಸಿಲ್ಲ ಎಂದು ತಾರೀಖು ನೋಡಿ ಖಚಿತ ಮಾಡಿಕೊಳ್ಳಬೇಕು.

ಈ 9 ಕ್ಯಾನ್ಸಲ್‌ಗಳು ಇಡೀ ಲೆಕ್ಕದ ಬುಡವನ್ನೇ ಅಲುಗಾಡಿಸುತ್ತವೆ. 22.4 ದಿನ ಮಾಲು ಇತ್ತು ಎಂದು ಹೇಳಿದ್ದು ಅದೇ ಸ್ಕ್ರೀನ್ ಅಲ್ವಾ? 2008ರಲ್ಲಿ ಡಿಹೊರೇಷಿಯಸ್ ಮತ್ತು ರಾಮನ್ ಒಂದು ಸಂಸ್ಥೆಯ 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. 65 ಶೇಕಡಾ ದಾಖಲೆಗಳು ನಿಜವಾದ ಎಣಿಕೆಗೆ ಹೊಂದುತ್ತಿರಲಿಲ್ಲ.

ಇಲ್ಲದ ಸ್ಟಾಕನ್ನು ಹಿಡಿಯಲು ಸೊನ್ನೆಯೇ ಸಹಾಯಕ್ಕೆ ಬರುತ್ತದೆ. ದಿನಕ್ಕೆ 10 ಹೋಗುವ ಐಟಂ ಒಂದು ದಿನ ಪೂರ್ತಿ ಸೊನ್ನೆ ಆಗುವ ಸಾಧ್ಯತೆ ಸುಮಾರು 22,000ದಲ್ಲಿ ಒಂದು. ಸ್ಕ್ರೀನ್ '4 ಇದೆ' ಎನ್ನುತ್ತಿದ್ದರೂ ಮಾರಾಟ ಸೊನ್ನೆ ಇದ್ದರೆ, ಬಹುತೇಕ ಆ ನಾಲ್ಕು ಇಲ್ಲವೇ ಇಲ್ಲ, ಅಥವಾ ಪೇಜ್ ಕೆಟ್ಟಿದೆ. ಆದರೆ ದಿನಕ್ಕೆ ಒಂದು ಹೋಗುವ ಐಟಮಿಗೆ ಸೊನ್ನೆ ದಿನ ನೂರಕ್ಕೆ 37 ಸಲ ತಾನಾಗಿಯೇ ಬರುತ್ತದೆ. ವಾರಕ್ಕೊಂದು ಹೋಗುವುದಾದರೆ ಸೊನ್ನೆಯೇ ಮಾಮೂಲು. ಅಂಥವುಗಳ ವಿಷಯದಲ್ಲಿ ಡೇಟಾ ಎಷ್ಟು ದಿಟ್ಟಿಸಿದರೂ ಏನೂ ಹೇಳುವುದಿಲ್ಲ. ಯಾರಾದರೂ ಕಪಾಟಿನ ಹತ್ತಿರ ಹೋಗಿ ಕೈಯಲ್ಲಿ ಎಣಿಸಬೇಕು.