ಅಮ್ಮನಿಗೆ ಪ್ರತಿ ತಿಂಗಳು ಹಣ ಕಳಿಸಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಕಾ?

ಪ್ರಶ್ನೆ: ಅಮ್ಮನ ಖರ್ಚಿಗೆ ನಾನು ಪ್ರತಿ ತಿಂಗಳು ಹಣ ಕಳಿಸುತ್ತೇನೆ. ಈಗ ಒಂದು ಅರ್ಜಿಗೆ ಅದರ ಪುರಾವೆ ಕೇಳಿದ್ದಾರೆ. ಒಂದು ವರ್ಷದ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಅಮ್ಮನಿಗೆ ಹೋದ ಸಾಲುಗಳಿಗೆ ಹೈಲೈಟರ್ ಹಚ್ಚಿ ಕೊಟ್ಟರೆ ಆಗುತ್ತದಾ?

ಉತ್ತರ: ಅಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗಿದೆ ಅನ್ನುವುದನ್ನಷ್ಟೇ ನಿಮ್ಮ ಸ್ಟೇಟ್‌ಮೆಂಟ್ ಹೇಳುತ್ತದೆ. ಅದು ಅಮ್ಮನ ಕೈ ಸೇರಿತಾ? ಆ ಸಾಲಿನಲ್ಲಿರುವ ಅರ್ಧ ಹೆಸರು ಅಮ್ಮನದೇನಾ? ಇವಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಎಷ್ಟೋ ಬ್ಯಾಂಕುಗಳು ಆ ಜಾಗದಲ್ಲಿ ಹೆಸರಿನ ಮೊದಲ ಕೆಲವು ಅಕ್ಷರ, ಒಂದು ಉದ್ದದ ರೆಫರೆನ್ಸ್ ನಂಬರ್ ಮಾತ್ರ ಹಾಕುತ್ತವೆ. ಅಮ್ಮ ಯಾರು ಅಂತ ನಿಮಗೆ ಗೊತ್ತು. ಫೈಲ್ ನೋಡುವವರಿಗೆ ಗೊತ್ತಿಲ್ಲ ಅಲ್ವಾ?

ಹಾಗಾಗಿ ಎರಡೂ ಕಡೆಯ ದಾಖಲೆ ಬೇಕು. ನಿಮ್ಮ ಖಾತೆಯ ಸ್ಟೇಟ್‌ಮೆಂಟಿಗೆ ‘ಎ’ ಅಂತ ಗುರುತು ಕೊಡಿ. ಅಮ್ಮನ ಖಾತೆಯ, ಅದೇ ಅವಧಿಯ ಸ್ಟೇಟ್‌ಮೆಂಟ್ ‘ಬಿ’ ಆಗಲಿ. ರಸೀದಿ, ಬಿಲ್ಲು, ಪತ್ರ ಎಲ್ಲ ‘ಸಿ’. ನಿಮ್ಮಿಬ್ಬರ ಸಂಬಂಧ ತೋರಿಸುವ ದಾಖಲೆ ‘ಡಿ’. ಪ್ರತಿ ಗುಂಪಿನ ಪುಟಗಳಿಗೂ ಎ-1, ಎ-2 ಅಂತ ನಂಬರ್ ಬರೆಯಿರಿ. ಎಲ್ಲಕ್ಕಿಂತ ಮೇಲೆ ಒಂದು ಪಟ್ಟಿ ಇರಲಿ. ನಿಜವಾದ ಕೆಲಸ ಇರುವುದು ಈ ಪಟ್ಟಿಯಲ್ಲೇ.

ಪಟ್ಟಿಯ ಒಂದು ಸಾಲು ಹೀಗಿರುತ್ತದೆ: ಸಾಲಿನ ನಂಬರ್, ಕಳಿಸಿದ ದಿನ, ಮೊತ್ತ, ಅದು ಕಾಣುವ ಎ ಪುಟ, ಅಮ್ಮನಿಗೆ ತಲುಪಿದ ದಿನ, ತಲುಪಿದ ಮೊತ್ತ, ಅದು ಕಾಣುವ ಬಿ ಪುಟ, ಕೊನೆಗೆ ಒಂದು ವಾಕ್ಯದ ವಿವರಣೆ. ಸಾಲಿನ ನಂಬರನ್ನೇ ಸ್ಟೇಟ್‌ಮೆಂಟಿನ ಪ್ರತಿಯಲ್ಲೂ ಆ ವಹಿವಾಟಿನ ಪಕ್ಕದ ಅಂಚಿನಲ್ಲಿ ಬರೆಯಿರಿ. ಬರೀ ಹೈಲೈಟರ್ ನಂಬಬೇಡಿ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಹಳದಿ ಮಾಯವಾಗುತ್ತದೆ, ಇಲ್ಲವೇ ಅಕ್ಷರವನ್ನೇ ಮುಚ್ಚಿಬಿಡುತ್ತದೆ.

ಒಂದು ವರ್ಷದ ಲೆಕ್ಕ ಇಟ್ಟುಕೊಂಡು ನೋಡೋಣ. ತಿಂಗಳಿಗೆ 15,000 ಅಂದುಕೊಳ್ಳಿ. ಒಂಬತ್ತು ತಿಂಗಳು ಯಾವ ರಗಳೆಯೂ ಇಲ್ಲದೆ ನೇರವಾಗಿ ಹೋಗಿದೆ. ಉಳಿದ ಮೂರು ತಿಂಗಳು ಮಾತ್ರ ಬೇರೆ ಥರ. ಏಪ್ರಿಲ್‌ನಲ್ಲಿ 8,000 ಮತ್ತು 7,000 ಅಂತ ಎರಡು ಸಲ ಕಳಿಸಿದ್ದೀರಿ. ಜೂನ್‌ನಲ್ಲಿ ಅಮ್ಮನ ಖಾತೆಗೆ ಏನೋ ತೊಂದರೆಯಾಗಿ ಅಕ್ಕನ ಖಾತೆಗೆ ಹಾಕಿದ್ದೀರಿ. ಆಗಸ್ಟ್‌ನಲ್ಲಿ ಕೆಲಸ ಬದಲಾಯಿತು, ಏನೂ ಕಳಿಸಿಲ್ಲ. ಇದಲ್ಲದೆ ಸೆಪ್ಟೆಂಬರ್‌ನಲ್ಲಿ ಮಾಮೂಲಿ ಹಣದ ಜೊತೆಗೆ ಅಮ್ಮನ ಆಸ್ಪತ್ರೆಗೆ 32,000 ನೇರವಾಗಿ ಕಟ್ಟಿದ್ದೀರಿ. ನವೆಂಬರ್‌ನಲ್ಲಿ ಅಮ್ಮ 5,000 ವಾಪಸ್ ಹಾಕಿದ್ದಾರೆ.

ಏಪ್ರಿಲ್‌ದು ಸುಲಭ. ಎರಡು ವಹಿವಾಟಿಗೆ ಎರಡು ಸಾಲು. ಕೂಡಿಸಿ 15,000 ಅಂತ ಒಂದೇ ಸಾಲಿನಲ್ಲಿ ಬರೆದರೆ, ಆ ಮೊತ್ತ ಸ್ಟೇಟ್‌ಮೆಂಟಿನಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಜೂನ್‌ದೇ ಸ್ವಲ್ಪ ತಲೆನೋವು. ನೀವು 6ನೇ ತಾರೀಖು ಅಕ್ಕನಿಗೆ 15,000 ಹಾಕಿದ್ದೀರಿ. ಅಕ್ಕ 9ನೇ ತಾರೀಖು ಅಮ್ಮನಿಗೆ 14,000 ಹಾಕಿದ್ದಾರೆ. ಉಳಿದ 1,000ಕ್ಕೆ ಅಮ್ಮನ ಔಷಧಿ ತಂದಿದ್ದಾರೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಇದು ಅಕ್ಕನಿಗೆ ಕೊಟ್ಟ ಹಣವಾಗಿ ಕಾಣುತ್ತದೆ. ಅಮ್ಮನ ಸ್ಟೇಟ್‌ಮೆಂಟಿನಲ್ಲಿ ಅಕ್ಕ ಕೊಟ್ಟ ಹಣವಾಗಿ ಕಾಣುತ್ತದೆ. ನಡುವಿನ ಕೊಂಡಿ ಅಕ್ಕನ ಖಾತೆಯಲ್ಲಿದೆ. ಹಾಗಾಗಿ ಅವರ ಸ್ಟೇಟ್‌ಮೆಂಟಿನ ಆ ತಿಂಗಳ ಭಾಗ ಬೇಕು. ಹಣ ಬಂದದ್ದು, ಹೋದದ್ದು ಎರಡೂ ಅದರಲ್ಲಿ ಕಾಣಬೇಕು. ಔಷಧಿ ಬಿಲ್ಲು, ಅಕ್ಕ ಸಹಿ ಹಾಕಿದ ನಾಲ್ಕು ಸಾಲಿನ ಪತ್ರ ಕೂಡ ಜೊತೆಗಿರಲಿ. ಪಟ್ಟಿಯ ವಿವರಣೆಯಲ್ಲಿ ಹೀಗೆ ಬರೆಯಬಹುದು: ‘ಅಕ್ಕನ ಮೂಲಕ, 14,000 ಖಾತೆಗೆ, 1,000 ಔಷಧಿಗೆ, ನೋಡಿ ಸಿ-1ರಿಂದ ಸಿ-3.’ ಬಿಲ್ಲು ಕಳೆದುಹೋಗಿದ್ದರೆ 14,000 ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾವಿರದ ಆಸೆಗೆ ಇಡೀ ಸಾಲಿನ ಮೇಲೆ ಅನುಮಾನ ಬರುವ ಹಾಗೆ ಮಾಡಿಕೊಳ್ಳಬೇಡಿ.

ಆಗಸ್ಟ್‌ನ ಸಾಲನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ‘ಪಾವತಿ ಇಲ್ಲ, ಕೆಲಸ ಬದಲಾದ ತಿಂಗಳು’ ಅಂತ ಬರೆದು, ಹಳೆ ಕೆಲಸ ಬಿಟ್ಟ ಪತ್ರದ ಪುಟದ ನಂಬರ್ ಕೊಡಿ. ಹೇಳದೆ ಬಿಟ್ಟ ತಿಂಗಳು ಹೇಗೂ ಅವರ ಕಣ್ಣಿಗೆ ಬೀಳುತ್ತದೆ. ಆಮೇಲೆ ಉಳಿದ ಸಾಲುಗಳನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಆಸ್ಪತ್ರೆಯ 32,000 ನಿಜವಾದ ನೆರವೇ. ಆದರೆ ತಿಂಗಳ ನೆರವಿನ ಜೊತೆ ಕಲಸಬೇಡಿ. ಅದಕ್ಕೆ ಬೇರೆ ಮೊತ್ತದ ಸಾಲು ಮಾಡಿ, ಅಮ್ಮನ ಹೆಸರಿರುವ ಬಿಲ್ಲನ್ನು ಜೋಡಿಸಿ. ಅಮ್ಮ ವಾಪಸ್ ಕೊಟ್ಟ 5,000 ಕೂಡ ಪಟ್ಟಿಗೆ ಬರಬೇಕು. ನೀವು ಮುಚ್ಚಿಟ್ಟರೂ ಎರಡೂ ಸ್ಟೇಟ್‌ಮೆಂಟಿನಲ್ಲಿ ಅದು ಇದ್ದೇ ಇದೆ. ಹಣ ಹೋಗಿ ತಿರುಗಿ ಬರುತ್ತಿದೆ ಅನ್ನುವುದೇ ಇಂಥ ಫೈಲುಗಳಲ್ಲಿ ಜಾಸ್ತಿ ಪ್ರಶ್ನೆ ಎಬ್ಬಿಸುವ ಸಂಗತಿ. ಯಾಕೆ ವಾಪಸ್ ಬಂತು ಅಂತ ಒಂದು ವಾಕ್ಯ ಬರೆದು, ಮೊತ್ತ ಕಳೆಯಿರಿ. ಹನ್ನೊಂದು ತಿಂಗಳ ನೆರವು 1,65,000. ಅದರಲ್ಲಿ 5,000 ಕಳೆದರೆ 1,60,000. ಆಸ್ಪತ್ರೆಯದು ಬೇರೆ, 32,000.

ನೀವು ಬೇರೆ ದೇಶದಿಂದ ಕಳಿಸುತ್ತಿದ್ದರೆ ಎರಡು ಕಡೆಯ ಮೊತ್ತ ಒಂದೇ ಇರುವುದಿಲ್ಲ. ಶುಲ್ಕ ಕಳೆದಿರುತ್ತದೆ, ಕರೆನ್ಸಿ ಬದಲಾಗಿರುತ್ತದೆ, ದಿನವೂ ಹಿಂದೆಮುಂದೆ ಆಗಿರುತ್ತದೆ. ಆಗ ಎ ಮತ್ತು ಬಿ ನಡುವೆ ಹಣ ಕಳಿಸಿದ ಸಂಸ್ಥೆಯ ರಸೀದಿಯನ್ನು ಇಡಲೇಬೇಕು. ಕಟ್ಟಿದ ಮೊತ್ತ, ಶುಲ್ಕ, ವಿನಿಮಯ ದರ, ಪಡೆಯುವವರ ಪೂರ್ತಿ ಹೆಸರು ಸಾಮಾನ್ಯವಾಗಿ ಅದರಲ್ಲೇ ಸಿಗುತ್ತವೆ. ಪಟ್ಟಿಯಲ್ಲಿ ಎರಡೂ ಕರೆನ್ಸಿಯ ಮೊತ್ತ ಬರೆಯಿರಿ. ಇವತ್ತಿನ ದರದಲ್ಲಿ ನೀವೇ ಗುಣಿಸಿ ಬರೆಯಬೇಡಿ, ರಸೀದಿಗೆ ತಾಳೆಯಾಗುವುದಿಲ್ಲ.

ಸ್ಟೇಟ್‌ಮೆಂಟಿನ ಬಗ್ಗೆ ಒಂದು ಮಾತು. ಮೊಬೈಲ್ ಆ್ಯಪಿನ ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ ಖಾತೆದಾರರ ಹೆಸರೇ ಇಲ್ಲದಿರಬಹುದು. ಬ್ಯಾಂಕಿನ ಪಿಡಿಎಫ್ ತೆಗೆದುಕೊಳ್ಳಿ. ಬೇಕಾದ ಪುಟ ಮಾತ್ರ ಆರಿಸದೆ ಪೂರ್ತಿ ಇಡಿ. ಒಂದು ಪುಟದ ಕೊನೆಯ ಬ್ಯಾಲೆನ್ಸಿನಿಂದ ಮುಂದಿನ ಪುಟದ ಲೆಕ್ಕ ಶುರುವಾಗುತ್ತದಾ ನೋಡಿ. ಆಗದಿದ್ದರೆ ನಡುವೆ ಪುಟ ಬಿಟ್ಟುಹೋಗಿದೆ ಅಂತಲೇ ಅರ್ಥ. ಗುರುತು ಹಾಕುವುದೆಲ್ಲ ಪ್ರತಿಯ ಮೇಲೆ. ಮೂಲ ಪಿಡಿಎಫ್ ಹಾಗೇ ಇರಲಿ. ಅದರಲ್ಲಿ ಬ್ಯಾಂಕಿನ ಡಿಜಿಟಲ್ ಸಹಿ ಇದ್ದರೆ, ಫೈಲನ್ನು ತಿರುಗಿ ಪಿಡಿಎಫ್ ಆಗಿ ಪ್ರಿಂಟ್ ಮಾಡಿದಾಗ ಆ ಸಹಿ ಹೋಗಿಬಿಡುತ್ತದೆ. ಹಳೆಯ ವಹಿವಾಟಿನ ವಿವರಣೆಯಲ್ಲಿ ‘ಅಮ್ಮನ ಖರ್ಚಿಗೆ’ ಅಂತ ಇಲ್ಲ ಅಂದುಕೊಂಡು ಫೈಲನ್ನು ತಿದ್ದುವ ಯೋಚನೆ ಮಾತ್ರ ಬೇಡ. ಅದು ದಾಖಲೆ ತಿದ್ದಿದಂತೆಯೇ. ಮುಂದಿನ ತಿಂಗಳಿಂದ ಕಳಿಸುವಾಗಲೇ ಷರಾದಲ್ಲಿ ‘ಅಮ್ಮನ ಖರ್ಚು, ಜನವರಿ’ ಅಂತ ಹಾಕುತ್ತಾ ಹೋಗಿ.

ಕೊನೆಗೆ ನಗದು. ಊರಿಗೆ ಹೋದಾಗ ಕೈಗೆ ಕೊಟ್ಟ ಹಣಕ್ಕೆ ಎಟಿಎಂನಿಂದ ತೆಗೆದ ಸಾಲನ್ನು ತೋರಿಸುವವರಿದ್ದಾರೆ. ನೀವು ಹಣ ತೆಗೆದಿರಿ ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಅದೇ ದಿನ ಅಥವಾ ಮರುದಿನ ಅಮ್ಮನ ಖಾತೆಗೆ ಅಷ್ಟೇ ನಗದು ಜಮಾ ಆಗಿದ್ದರೆ, ಎರಡನ್ನೂ ಜೋಡಿಸಿ ತೋರಿಸಬಹುದು. ಇಲ್ಲದಿದ್ದರೆ ಅಮ್ಮನ ಸಹಿ ಇರುವ ಪತ್ರದ ಜೊತೆ ಬೇರೆ ಹಾಳೆಯಲ್ಲಿ ಬರೆದು ಇಡಿ, ಒಟ್ಟು ಮೊತ್ತಕ್ಕೆ ಸೇರಿಸಬೇಡಿ.