ತಲೆನೋವು ಹೋದ ಮೇಲೂ ಫ್ಲುಕೊನಜೋಲ್ ಏಕೆ?

ಪ್ರಶ್ನೆ: ಎಚ್‌ಐವಿ ಸೋಂಕಿರುವ ನನ್ನ ಅಣ್ಣನಿಗೆ ಮೆದುಳಿನ ಪೊರೆಗೆ ತಗಲುವ ಶಿಲೀಂಧ್ರ ಸೋಂಕಾದ ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ ಆಗಿತ್ತು. ಆಸ್ಪತ್ರೆಯಲ್ಲಿ ಎರಡು ವಾರದ ಚಿಕಿತ್ಸೆಯ ನಂತರ ತಲೆನೋವು ಪೂರ್ತಿ ಹೋಗಿದೆ. ಬೆನ್ನಿನಿಂದ ತೆಗೆದ ದ್ರವದಲ್ಲಿ ಶಿಲೀಂಧ್ರ ಬೆಳೆಯಲಿಲ್ಲವೆಂದೂ ವೈದ್ಯರು ತಿಳಿಸಿದ್ದಾರೆ. ಹಾಗಿದ್ದರೂ ಫ್ಲುಕೊನಜೋಲ್ ಮಾತ್ರೆಯನ್ನು ಕನಿಷ್ಠ ಒಂದು ವರ್ಷ ನುಂಗಬೇಕೆನ್ನುವುದೇಕೆ? ಅದನ್ನು ಯಾವಾಗ ನಿಲ್ಲಿಸಬಹುದು?

ಉತ್ತರ: ಈ ಕಾಯಿಲೆಯಲ್ಲಿ ತಲೆನೋವು ಹೋಯಿತೆಂದರೆ ಶಿಲೀಂಧ್ರ ಹೋಯಿತೆಂದು ಅರ್ಥವಲ್ಲ. ಕ್ರಿಪ್ಟೋಕಾಕಸ್ ತನ್ನ ಸುತ್ತಲೂ ಸಕ್ಕರೆಯಂಶದ ದಪ್ಪ ಹೊದಿಕೆಯನ್ನು ಕಟ್ಟಿಕೊಳ್ಳುತ್ತದೆ. ಆ ಹೊದಿಕೆಯಿಂದ ಉದುರಿದ ಪದಾರ್ಥವೂ ಶಿಲೀಂಧ್ರದ ಕೋಶಗಳೂ ಮೆದುಳಿನ ದ್ರವ ಹೊರಹೋಗುವ ದಾರಿಗಳನ್ನು ಕಟ್ಟಿಹಾಕುವುದರಿಂದ ತಲೆಯೊಳಗಿನ ಒತ್ತಡ ಏರುತ್ತದೆ. ತೀವ್ರ ತಲೆನೋವಿಗೂ ದೃಷ್ಟಿ ಮಂಜಾಗುವುದಕ್ಕೂ ಬಹುಮಟ್ಟಿಗೆ ಈ ಒತ್ತಡವೇ ಕಾರಣ. ಅದು ನೀರಿನ ಎತ್ತರದ ಅಳತೆಯಲ್ಲಿ 25 ಸೆಂಟಿಮೀಟರ್ ಮೀರಿದರೆ ವೈದ್ಯರು ಬೆನ್ನಿನಿಂದ ದ್ರವ ತೆಗೆದು ಇಳಿಸುತ್ತಾರೆ, ಅಗತ್ಯವಿದ್ದರೆ ದಿನವೂ ತೆಗೆಯುತ್ತಾರೆ. ನಿಮ್ಮ ಅಣ್ಣನಿಗೂ ಹೀಗೆ ದ್ರವ ತೆಗೆದಿದ್ದರೆ, ತಲೆನೋವು ಬೇಗ ಇಳಿದದ್ದರಲ್ಲಿ ಔಷಧದಷ್ಟೇ ಪಾಲು ಆ ಸೂಜಿಗೂ ಇರುತ್ತದೆ.

ಮೊದಲ ಎರಡು ವಾರಗಳ ಉದ್ದೇಶ ಶಿಲೀಂಧ್ರವನ್ನು ಸಾಧ್ಯವಾದಷ್ಟು ವೇಗವಾಗಿ ಕೊಲ್ಲುವುದು. ಆಂಫೊಟೆರಿಸಿನ್ ಎಂಬ ಔಷಧ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿಗೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡಿದರೆ, ಫ್ಲುಸೈಟೊಸಿನ್ ಎಂಬ ಇನ್ನೊಂದು ಔಷಧ ಕೋಶದೊಳಗೆ ಹೊಕ್ಕು ಫ್ಲೂರೊಯುರಾಸಿಲ್ ಆಗಿ ಬದಲಾಗಿ ಅದರ ವಂಶವಾಹಿಯ ನಕಲು ಕೆಲಸವನ್ನೇ ಕೆಡಿಸುತ್ತದೆ. ಫ್ಲುಸೈಟೊಸಿನ್ ಒಂದನ್ನೇ ಕೊಟ್ಟರೆ ಶಿಲೀಂಧ್ರ ಬೇಗ ನಿರೋಧ ಬೆಳೆಸಿಕೊಳ್ಳುವುದರಿಂದ ಅದಕ್ಕೆ ಜೊತೆ ಬೇಕೇ ಬೇಕು. ಆದರೆ ಈ ಜೋಡಿಯಲ್ಲಿ ಒಂದು ತೊಡಕಿದೆ: ಆಂಫೊಟೆರಿಸಿನ್ ಮೂತ್ರಪಿಂಡವನ್ನು ಕುಗ್ಗಿಸಬಲ್ಲದು, ಫ್ಲುಸೈಟೊಸಿನ್ ಹೊರಹೋಗುವುದು ಅದೇ ಮೂತ್ರಪಿಂಡದ ಮೂಲಕ. ಅದು ದೇಹದಲ್ಲಿ ಶೇಖರವಾದರೆ ಮೂಳೆಮಜ್ಜೆ ಸೊರಗಿ ರಕ್ತಕಣಗಳು ಇಳಿಯುತ್ತವೆ. ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ರಕ್ತಕಣಗಳ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವುದು ಇದಕ್ಕಾಗಿಯೇ.

60 ಕಿಲೋ ತೂಕದ, ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ 38 ಇರುವ ವಯಸ್ಕರೊಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆಯಂತೆ ಅವರಿಗೆ ಮೊದಲ ದಿನ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಸೇರಿಸಿದ ಲಿಪೊಸೋಮಲ್ ಆಂಫೊಟೆರಿಸಿನ್ ಕಿಲೋಗೆ 10 ಮಿಲಿಗ್ರಾಂನಂತೆ 600 ಮಿಲಿಗ್ರಾಂ ಒಂದೇ ಬಾರಿ ಹನಿಸಲಾಗುತ್ತದೆ. ಜೊತೆಗೆ 14 ದಿನ ಫ್ಲುಸೈಟೊಸಿನ್ 1500 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, ಫ್ಲುಕೊನಜೋಲ್ ದಿನಕ್ಕೆ 1200 ಮಿಲಿಗ್ರಾಂ. ಆಮೇಲೆ ಫ್ಲುಕೊನಜೋಲ್ ಒಂದೇ ಉಳಿಯುತ್ತದೆ: ಎಂಟು ವಾರ 800 ಮಿಲಿಗ್ರಾಂ, ನಂತರ 200. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಪ್ರಮಾಣಗಳು ಬದಲಾಗುತ್ತವೆ.

ನಿಮ್ಮ ಪ್ರಶ್ನೆ ಈ 200ರ ಹಂತದ್ದು. ಫ್ಲುಕೊನಜೋಲ್ ಮೆದುಳಿನ ದ್ರವಕ್ಕೆ ಚೆನ್ನಾಗಿ ಇಳಿಯುತ್ತದೆ, ಆದರೆ ಅದು ಮುಖ್ಯವಾಗಿ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಆಂಫೊಟೆರಿಸಿನ್‌ನಂತೆ ಕೊಲ್ಲುವುದಿಲ್ಲ. ಪರೀಕ್ಷೆಗೆ ತೆಗೆದ ಕೆಲವು ಮಿಲಿಲೀಟರ್ ದ್ರವದಲ್ಲಿ ಏನೂ ಬೆಳೆಯದಿದ್ದರೂ ದೇಹದ ಬೇರೆಡೆ ಕೋಶಗಳು ಉಳಿದಿರಬಹುದು, ಅವುಗಳನ್ನು ಮುಗಿಸಬೇಕಾದದ್ದು ರೋಗಿಯ ಸ್ವಂತ ರೋಗನಿರೋಧಕ ಶಕ್ತಿ. ಸಿಡಿ4 38 ಇರುವವರಲ್ಲಿ ಆ ಶಕ್ತಿ ಇನ್ನೂ ಮರಳಿರುವುದಿಲ್ಲ. ಎಚ್‌ಐವಿಗೆ ಪರಿಣಾಮಕಾರಿ ಔಷಧಗಳು ಬರುವ ಮೊದಲು, 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನವೂ 200 ಮಿಲಿಗ್ರಾಂ ಫ್ಲುಕೊನಜೋಲ್ ತೆಗೆದುಕೊಂಡವರ ಪೈಕಿ ಶೇಕಡಾ 2ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತು. ವಾರಕ್ಕೊಮ್ಮೆ ಆಂಫೊಟೆರಿಸಿನ್ ಪಡೆದವರಲ್ಲಿ ಅದು ಶೇಕಡಾ 18. ಕಾವಲಿನ ಕೆಲಸಕ್ಕೆ ಬೇಕಾದದ್ದು ಔಷಧದ ಬಲಕ್ಕಿಂತ ಅದರ ನಿರಂತರತೆ ಎಂಬುದನ್ನು ನಾನು ಈ ಅಂಕಿಗಳಿಂದ ಓದಿಕೊಳ್ಳುತ್ತೇನೆ.

ಹಾಗಾದರೆ ಆ ಶಕ್ತಿಯನ್ನು ಮರಳಿಸುವ ಎಚ್‌ಐವಿ ಔಷಧವನ್ನು ಮೊದಲ ದಿನವೇ ಶುರುಮಾಡಬಾರದೇ? ಈ ಕಾಯಿಲೆಯಲ್ಲಿ ಕೂಡದು. ಹಾಗೆ ಆತುರಪಟ್ಟವರಲ್ಲಿ ಸಾವು ಹೆಚ್ಚಿದ್ದು 2014ರ ಅಧ್ಯಯನವೊಂದರಲ್ಲಿ ಕಂಡುಬಂದದ್ದರಿಂದ ನಾಲ್ಕರಿಂದ ಆರು ವಾರ ಕಾಯುತ್ತಾರೆ.

ನಿಲ್ಲಿಸುವ ಪ್ರಶ್ನೆಗೆ ಉತ್ತರ ಶಿಲೀಂಧ್ರದ ಪರೀಕ್ಷೆಯಲ್ಲಿಲ್ಲ, ಎಚ್‌ಐವಿಯ ಪರೀಕ್ಷೆಯಲ್ಲಿದೆ. ರಕ್ತದ ಕ್ರಿಪ್ಟೋಕಾಕಲ್ ಪ್ರತಿಜನಕ ಪರೀಕ್ಷೆ ಸತ್ತ ಕೋಶಗಳ ಹೊದಿಕೆಯನ್ನೂ ಗುರುತಿಸುವುದರಿಂದ, ಗುಣವಾದ ಎಷ್ಟೋ ತಿಂಗಳ ಮೇಲೂ ಪಾಸಿಟಿವ್ ಬರಬಹುದು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಕನಿಷ್ಠ ಒಂದು ವರ್ಷದ ಚಿಕಿತ್ಸೆ ಆಗಿರಬೇಕು, ಸಿಡಿ4 100ಕ್ಕೆ ಏರಿರಬೇಕು, ರಕ್ತದಲ್ಲಿನ ಎಚ್‌ಐವಿಯ ಪ್ರಮಾಣ, ಅಂದರೆ ವೈರಲ್ ಲೋಡ್, ಹತೋಟಿಗೆ ಬಂದಿರಬೇಕು. ವೈರಲ್ ಲೋಡ್ ಅಳೆಯಲು ಅನುಕೂಲವಿಲ್ಲದಿದ್ದರೆ ಸಿಡಿ4 200ಕ್ಕೆ ಏರುವವರೆಗೆ ಕಾಯಬೇಕು. ನಮ್ಮ ಉದಾಹರಣೆಯವರಿಗೆ 13ನೇ ತಿಂಗಳಲ್ಲಿ ಸಿಡಿ4 160 ಬಂದು ವೈರಲ್ ಲೋಡ್ ಹತೋಟಿಯಲ್ಲಿದ್ದರೆ ವೈದ್ಯರು ಮಾತ್ರೆ ನಿಲ್ಲಿಸಬಹುದು. ಅದೇ 160 ಇದ್ದು ವೈರಲ್ ಲೋಡ್ ಏರಿದ್ದರೆ ನಿಲ್ಲಿಸುವುದಿಲ್ಲ.

ಈ ನಡುವೆ ತಲೆನೋವು ಮರಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ತಪ್ಪಿ ಶಿಲೀಂಧ್ರ ಮತ್ತೆ ಬೆಳೆದಿರಬಹುದು, ಇಲ್ಲವೇ ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಸತ್ತ ಶಿಲೀಂಧ್ರದ ಅವಶೇಷಗಳ ಮೇಲೆ ಎರಗಿ ಉರಿಯೂತ ಎಬ್ಬಿಸಿರಬಹುದು. ಎರಡಕ್ಕೂ ಲಕ್ಷಣ ಒಂದೇ, ಚಿಕಿತ್ಸೆ ಬೇರೆ. ಇವುಗಳನ್ನು ಬೇರ್ಪಡಿಸಲು ಮತ್ತೆ ಬೆನ್ನಿನಿಂದ ದ್ರವ ತೆಗೆದು, ಒತ್ತಡ ಅಳೆದು, ಶಿಲೀಂಧ್ರ ಬೆಳೆಯುತ್ತದೆಯೇ ಎಂದು ಕಲ್ಚರ್ ಮಾಡಿ ನೋಡಬೇಕಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಎಂದಾದರೂ ಸಿಡಿ4 ಮತ್ತೆ 100ಕ್ಕಿಂತ ಕೆಳಗಿಳಿದರೆ, ಲಕ್ಷಣಗಳಿಗಾಗಿ ಕಾಯದೆ ಫ್ಲುಕೊನಜೋಲ್ ಅನ್ನು ಪುನಃ ಆರಂಭಿಸುತ್ತಾರೆ.