ಕೂಲಿಂಗ್ ಗ್ಲಾಸ್ ಫ್ರೇಮಿಗೆ ಆ ಆಕಾರ ಬಂದಿದ್ದು ಹೇಗೆ?

ಏವಿಯೇಟರ್ ಕೂಲಿಂಗ್ ಗ್ಲಾಸನ್ನು ಒಮ್ಮೆ ಎದುರಿಗೆ ಹಿಡಿದು ನೋಡಿ. ಗಾಜಿನ ಮೇಲಂಚು ಹೆಚ್ಚುಕಮ್ಮಿ ನೇರ, ಕೆಳಗೆ ಮಾತ್ರ ಜೋತುಬಿದ್ದ ಹನಿಯ ಹಾಗೆ ಕೆನ್ನೆಯ ಕಡೆಗೆ ಇಳಿದಿರುತ್ತದೆ. ಇದು ಸುಮ್ನೆ ಚೆಂದಕ್ಕೆ ಬಂದ ಆಕಾರ ಅಲ್ಲ. 1930ರ ದಶಕದಲ್ಲಿ ಅಮೆರಿಕದ ವಿಮಾನ ಚಾಲಕರಿಗೆ ಮೇಲೆ ಕಣ್ಣು ಕುಕ್ಕುವ ಬಿಸಿಲು, ಜೊತೆಗೆ ಮತ್ತೆ ಮತ್ತೆ ಕೆಳಗಿನ ಡಯಲ್‌ಗಳನ್ನು ನೋಡುವ ಕೆಲಸ. ಕಣ್ಣು ಕೆಳಕ್ಕೆ ತಿರುಗಿದಾಗಲೂ ಗಾಜು ಅಡ್ಡ ಇರಬೇಕಲ್ವಾ, ಅದಕ್ಕೇ ಅಷ್ಟು ಇಳಿಬಿದ್ದ ಗಾಜು. ಬಾಷ್ ಅಂಡ್ ಲಾಂಬ್ ಕಂಪನಿ ಇದನ್ನು 1937ರ ಹೊತ್ತಿಗೆ ಜನರಿಗೂ ಮಾರಲು ಶುರು ಮಾಡಿತು. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಅಮೆರಿಕದ ಸೇನಾಧಿಕಾರಿ ಜನರಲ್ ಮ್ಯಾಕ್‌ಆರ್ಥರ್ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪದಲ್ಲಿ ನೀರಿನಲ್ಲಿ ನಡೆದು ದಡ ಸೇರುವ ಫೋಟೋದಲ್ಲಿ ಅವರ ಕಣ್ಣ ಮೇಲಿದ್ದದ್ದೂ ಏವಿಯೇಟರೇ. ಆ ಗತ್ತು ಈ ಫ್ರೇಮಿಗೆ ಇವತ್ತಿಗೂ ಅಂಟಿಕೊಂಡಿದೆ.

ಬೆಕ್ಕಿನ ಕಣ್ಣಿನ ಹಾಗೆ ಮೂಲೆಗಳು ಮೇಲಕ್ಕೆ ಚಾಚಿದ ಕ್ಯಾಟ್ ಐ ಫ್ರೇಮಿನ ಕಥೆಯೇ ಬೇರೆ, ನನಗೆ ಈ ಕಥೆಯೇ ಜಾಸ್ತಿ ಇಷ್ಟ. ನ್ಯೂಯಾರ್ಕಿನಲ್ಲಿ ಅಂಗಡಿಗಳ ಕಿಟಕಿ ಅಲಂಕಾರ ಮಾಡುತ್ತಿದ್ದ ಆಲ್ಟಿನಾ ಶಿನಾಸಿ, ಹೆಂಗಸರ ಕನ್ನಡಕಗಳು ಇಷ್ಟು ಸಪ್ಪೆ ಯಾಕೆ ಅಂತ ಯೋಚಿಸಿದರು. ಹಳೆಯ ಇಟಾಲಿಯನ್ ನಾಟಕಗಳ ವಿದೂಷಕ ಹಾರ್ಲಿಕ್ವಿನ್‌ನ ಮುಖವಾಡದ ಮೇಲಕ್ಕೆ ಚಿಮ್ಮಿದ ಕಣ್ಣಿನ ಮೂಲೆಗಳನ್ನೇ ಕಾಗದದಲ್ಲಿ ಕತ್ತರಿಸಿ ಮಾದರಿ ಮಾಡಿದರು. ತಯಾರಕರು ಮೊದಲು ಬೇಡ ಅಂದರೂ ಅವರು ಬಿಡಲಿಲ್ಲ. 1939ರಲ್ಲಿ ಅದಕ್ಕೆ ಪ್ರಶಸ್ತಿಯೂ ಬಂತು. ಆಮೇಲೆ 1950ರ ದಶಕದಲ್ಲಿ ಈ ಆಕಾರ ಎಲ್ಲೆಡೆ ಹರಡಿತು. ಮೂಲೆ ಮೇಲಕ್ಕೆ ಹೋದಾಗ ನೋಡುವವರ ಕಣ್ಣೂ ಮೇಲಕ್ಕೇ ಹೋಗುತ್ತದೆ, ಕೆನ್ನೆಯ ಮೂಳೆ ಎದ್ದು ಕಾಣುತ್ತದೆ.

ಚೌಕ ಫ್ರೇಮು 1952ರಲ್ಲಿ ವೇಫೇರರ್ ಅನ್ನೋ ಮಾಡೆಲ್ ಬಂದಾಗ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹೊಸ ರೂಪ ಪಡೆಯಿತು. ಅದು ದುಂಡು ಮುಖಕ್ಕೆ ಕೋನ ಕೊಡುತ್ತದೆ. ರೌಂಡ್ ಫ್ರೇಮು ಎಲ್ಲಕ್ಕಿಂತ ಹಳೆಯದು, ದವಡೆ ಚೌಕವಾಗಿದ್ದವರಿಗೆ ಅದು ಮುಖವನ್ನು ಮೆತ್ತಗೆ ಮಾಡುತ್ತದೆ.

ಈಗ ಹಣೆ ಅಗಲ, ಗದ್ದ ಚೂಪು ಇರುವ ಒಂದು ಮುಖ ತಗೊಳ್ಳಿ. ಕ್ಯಾಟ್ ಐ ಹಾಕಿದರೆ ಭಾರವೆಲ್ಲ ಮೇಲೇ ಸೇರಿ ಹಣೆ ಇನ್ನೂ ಅಗಲ ಅನಿಸುತ್ತದೆ. ಏವಿಯೇಟರ್ ಆ ಭಾರವನ್ನು ಕೆಳಗೆ ತರುತ್ತದೆ, ನನ್ನ ಆಯ್ಕೆ ಅದೇ. ಆದರೆ ಅಳತೆ ತಪ್ಪಿದರೆ ಅದೂ ಕೆಡುತ್ತದೆ. ಕಡ್ಡಿಯ ಒಳಗೆ 58, 14 ಅಂತ ಅಂಕಿ ಇದ್ದರೆ ಒಂದು ಗಾಜಿನ ಅಗಲ 58 ಮಿಲಿಮೀಟರ್, ಮೂಗಿನ ಮೇಲಿನ ಅಂತರ 14 ಮಿಲಿಮೀಟರ್ ಅಂತ ಅರ್ಥ. ಹಾಕಿಕೊಂಡು ಕನ್ನಡಿ ಮುಂದೆ ಚೆನ್ನಾಗಿ ನಗಿ. ಕೆನ್ನೆ ತಾಗಿ ಫ್ರೇಮು ಹುಬ್ಬಿನ ಕಡೆಗೆ ಜರುಗಿದರೆ, ಇನ್ನೊಂದು ಸೈಜು ಚಿಕ್ಕದನ್ನು ಕೇಳಿ.